ಎಲ್‌ಎಲ್‌ಎಂ ಬೇರೆ, ವಕೀಲಿಕೆಯ ಪರವಾನಗಿ ಬೇರೆ

ಕಳೆದ ದಸರಾ ರಜೆಗೆ ನಂಜನಗೂಡಿಗೆ ಹೋಗಿದ್ದೆ. ಊಟ ಮುಗಿಸಿ ಎಲೆ ಅಡಿಕೆ ಹಾಕ್ಕೊಳ್ತಾ ಕೂತಿದ್ದ ಚಿಕ್ಕಪ್ಪ ಒಳಗೆ ಹೋಗಿ ಒಂದು ಬಣ್ಣದ ಬ್ರೋಷರ್ ತಂದು ನನ್ನ ಕೈಗಿಟ್ಟರು. ಇಂಗ್ಲೆಂಡಿನ ಒಂದು ವಿಶ್ವವಿದ್ಯಾಲಯದ್ದು. ಒಂದು ವರ್ಷದ ಎಲ್‌ಎಲ್‌ಎಂ.

"ನೋಡಪ್ಪ, ನೀನು ಕಂಪ್ಯೂಟರ್‌ನೋನು, ಇದನ್ನೆಲ್ಲ ಓದಿ ಹೇಳು. ಇಲ್ಲಿ ಹೋಗಿ ಒಂದ್ ವರ್ಸ ಓದುದ್ರೆ ಇವ್ಳು ಅಲ್ಲೇ ಲಾಯರ್ ಆಯ್ತಾಳಂತೆ. ಮೈಸೂರಿನ ಏಜೆಂಟ್ರು ಹೇಳವ್ರೆ. ಆಯ್ತಾಳಾ?"

"ಇವ್ಳು" ಅಂದರೆ ಚಿಕ್ಕಪ್ಪನ ಮಗಳು, ನನ್ನ ತಂಗಿ. ಮೈಸೂರಿನಲ್ಲಿ ಐದು ವರ್ಷದ ಬಿ.ಎ. ಎಲ್‌ಎಲ್‌ಬಿ ಮುಗಿಸಿ ನಾಲ್ಕು ತಿಂಗಳಾಗಿತ್ತು. ಚಿಕ್ಕಪ್ಪನಿಗೆ ಟಿ. ನರಸೀಪುರದ ಕಡೆ ನಾಲೆ ನೀರು ಬರುವ ಎರಡು ಎಕರೆ ಗದ್ದೆ ಇದೆ. ಕೃಷಿ ಜಮೀನಿಗೆ ಸರ್ಫೇಸಿ ಕಾಯ್ದೆ ಅನ್ವಯಿಸೋದಿಲ್ಲ. ಹಾಗಾಗಿ ವಿದ್ಯಾಭ್ಯಾಸದ ದೊಡ್ಡ ಸಾಲಕ್ಕೆ ಬ್ಯಾಂಕಿನವರು ಸಾಮಾನ್ಯವಾಗಿ ಮನೆಯನ್ನೋ ಸೈಟನ್ನೋ ಕೇಳ್ತಾರೆ, ಗದ್ದೆಯನ್ನಲ್ಲ. ಮನೆ ಅಡ ಇಡೋದು ಬೇಡ, ಒಂದು ಎಕರೆ ಮಾರಿಬಿಡೋಣ ಅನ್ನೋ ಮಾತು ಮನೆಯಲ್ಲಿ ಆಗಲೇ ನಡೆದಿತ್ತು.

ನಾನು ವಕೀಲನಲ್ಲ. ಕೋಡ್ ಬರೆಯೋದು ನನ್ನ ಕೆಲಸ. ಆದರೆ ಒಂದು ಅಭ್ಯಾಸ ಇದೆ: ಮಾರಾಟಗಾರ ಏನು ಹೇಳಿದ ಅಂತ ಕೇಳೋದಕ್ಕಿಂತ ಮೂಲ ನಿಯಮ ಏನು ಅಂತ ಓದ್ತೀನಿ. ಆ ರಜೆಯಲ್ಲಿ ತಂಗಿ, ನಾನು ಇಬ್ಬರೂ ಕೂತು ಮೂರು ದೇಶಗಳ ವಕೀಲಿ ನಿಯಮಗಳನ್ನು ಸಾಲು ಸಾಲಾಗಿ ಓದಿದೆವು. ಮೊದಲ ದಿನವೇ ಸಿಕ್ಕ ಉತ್ತರ: ಇಲ್ಲ, ಬರೀ ಎಲ್‌ಎಲ್‌ಎಂ ಮಾಡಿದರೆ ಇಂಗ್ಲೆಂಡಿನಲ್ಲಿ ವಕೀಲಳಾಗೋದಿಲ್ಲ. ಹಾಗಾದರೆ ಹೇಗೆ ಆಗ್ತಾರೆ ಅನ್ನೋದು ತಿಳಿಯೋಕೆ ಇನ್ನೂ ಕೆಲವು ದಿನ ಬೇಕಾಯ್ತು.

ಪದವಿ ಕೊಡೋರು ಒಬ್ಬರು, ಸನ್ನದು ಕೊಡೋರು ಇನ್ನೊಬ್ಬರು

ನಮ್ಮಲ್ಲೇ ನೋಡಿ. ನಮ್ಮ ಕಡೆಯ ಕಾನೂನು ಕಾಲೇಜಿನಲ್ಲಿ ಓದಿದರೆ ಪದವಿ ಕೊಡೋದು ಹುಬ್ಬಳ್ಳಿಯ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯ. ಆ ಪದವಿ ಹಿಡಿದುಕೊಂಡು ನೇರ ಕೋರ್ಟಿಗೆ ಹೋಗಿ ವಕಾಲತ್ತು ಹಾಕೋಕೆ ಆಗಲ್ಲ. ರಾಜ್ಯ ವಕೀಲರ ಪರಿಷತ್ತಿನಲ್ಲಿ ಹೆಸರು ನೋಂದಾಯಿಸಬೇಕು, ಆಮೇಲೆ ಅಖಿಲ ಭಾರತ ವಕೀಲರ ಪರೀಕ್ಷೆ ಪಾಸು ಮಾಡಬೇಕು. ಎರಡೂ ಬೇರೆ ಬೇರೆ ಬಾಗಿಲು. ಹೊರದೇಶಗಳಲ್ಲೂ ಇಷ್ಟೇ. ವಿಶ್ವವಿದ್ಯಾಲಯಕ್ಕೆ ಪದವಿ ಕೊಡುವ ಅಧಿಕಾರ ಇದೆ, ಸನ್ನದು ಕೊಡುವ ಅಧಿಕಾರ ಇಲ್ಲ.

ಇದು ಹೊಸದೇನಲ್ಲ. ಗಾಂಧೀಜಿ 1888ರಲ್ಲಿ ಲಂಡನ್ನಿಗೆ ಹೋದರು, 1891ರ ಜೂನ್‌ನಲ್ಲಿ ಬ್ಯಾರಿಸ್ಟರ್ ಆದರು. ಅವರ ಬಳಿ ಕಾನೂನಿನ ವಿಶ್ವವಿದ್ಯಾಲಯ ಪದವಿ ಇರಲೇ ಇಲ್ಲ. ಇನ್ನರ್ ಟೆಂಪಲ್ ಎಂಬ ವಕೀಲರ ಸಂಸ್ಥೆ ಸೇರಿ, ಅಲ್ಲಿನ ಪರೀಕ್ಷೆ ಪಾಸು ಮಾಡಿ ಸನ್ನದು ಪಡೆದರು. ಅಂಬೇಡ್ಕರ್ ಅವರ ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್ ಪದವಿಗಳು ಅರ್ಥಶಾಸ್ತ್ರದವು. ವಕೀಲಿಕೆ ಬಂದದ್ದು ಗ್ರೇಸ್ ಇನ್ ಎಂಬ ಇನ್ನೊಂದು ಸಂಸ್ಥೆಯಿಂದ. ಆ ಕಾಲದಲ್ಲಿ ಈ ವ್ಯತ್ಯಾಸ ಎಲ್ಲರಿಗೂ ಗೊತ್ತಿತ್ತು. ಈಗ ಬ್ರೋಷರ್‌ಗಳ ಬಣ್ಣದಲ್ಲಿ ಅದು ಮಸುಕಾಗಿದೆ ಅಷ್ಟೆ.

ಹಾಗಂತ ಎಲ್‌ಎಲ್‌ಎಂ ದಂಡ ಅಂತ ಅಲ್ಲ. ಅಂತರರಾಷ್ಟ್ರೀಯ ತೆರಿಗೆ, ಹಡಗು ಸಾಗಣೆ ಕಾನೂನು, ಮಧ್ಯಸ್ಥಿಕೆ, ದತ್ತಾಂಶ ರಕ್ಷಣೆ ಹೀಗೆ ಒಂದು ವಿಷಯವನ್ನು ಆಳವಾಗಿ ಓದೋಕೆ ಅದು ಒಳ್ಳೆಯ ದಾರಿ. ಆದರೆ "ಅಲ್ಲಿ ವಕೀಲಿಕೆ ಮಾಡಬೇಕು" ಅನ್ನೋದೇ ಗುರಿಯಾಗಿದ್ದರೆ, "ಯಾವ ಯೂನಿವರ್ಸಿಟಿ?" ಅನ್ನೋದು ಎರಡನೇ ಪ್ರಶ್ನೆ. "ಆ ಊರಿನ ಪರವಾನಗಿ ಕೊಡೋರು ಏನು ಕೇಳ್ತಾರೆ?" ಅನ್ನೋದು ಮೊದಲನೇ ಪ್ರಶ್ನೆ.

ಇಂಗ್ಲೆಂಡ್: ಎರಡು ಪರೀಕ್ಷೆ, ಮತ್ತೆ ಒಂದು ಸಣ್ಣ ಸಾಲು

ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಸಾಲಿಸಿಟರ್‌ಗಳಿಗೆ ಪರವಾನಗಿ ಕೊಡುವುದು ಸಾಲಿಸಿಟರ್ಸ್ ರೆಗ್ಯುಲೇಶನ್ ಅಥಾರಿಟಿ. 2021ರ ಸೆಪ್ಟೆಂಬರ್‌ನಲ್ಲಿ ಅದು ಹಳೆಯ ದಾರಿಗಳ ಬದಲಿಗೆ ಎಲ್ಲರಿಗೂ ಒಂದೇ ಪರೀಕ್ಷೆ ತಂದಿತು. ಹೆಸರು ಎಸ್‌ಕ್ಯುಇ. ಆಕ್ಸ್‌ಫರ್ಡ್‌ನಲ್ಲಿ ಓದಿದವನೂ ಮೈಸೂರಿನಲ್ಲಿ ಓದಿದವಳೂ ಇದನ್ನೇ ಬರೆಯಬೇಕು.

ಇದರಲ್ಲಿ ಎರಡು ಹಂತ. ಮೊದಲನೆಯದು ಕಾನೂನಿನ ಜ್ಞಾನದ ಪರೀಕ್ಷೆ: ಎರಡು ಪತ್ರಿಕೆ, ತಲಾ 180 ಪ್ರಶ್ನೆ, ಪ್ರತಿ ಪ್ರಶ್ನೆಗೂ ಐದು ಉತ್ತರ ಕೊಟ್ಟಿರ್ತಾರೆ, ಅತ್ಯಂತ ಸರಿಯಾದ್ದನ್ನು ಆರಿಸಬೇಕು. ಇದನ್ನು ಕಂಪ್ಯೂಟರ್ ಪರೀಕ್ಷಾ ಕೇಂದ್ರದಲ್ಲಿ ಬರೆಯೋದರಿಂದ ಭಾರತದಲ್ಲೇ ಕೂತು ಮುಗಿಸಬಹುದು. ಎರಡನೆಯದು ಕೆಲಸದ ಪರೀಕ್ಷೆ: 16 ಕಾರ್ಯಗಳು. ಅದರಲ್ಲಿ 12 ಬರವಣಿಗೆಯವು, 4 ಬಾಯಿಮಾತಿನವು. ಕಕ್ಷಿದಾರನ ಜೊತೆ ಮಾತಾಡಿ ವಿಷಯ ಹೊರಡಿಸೋದು, ನ್ಯಾಯಾಧೀಶರ ಎದುರು ವಾದ ಮಂಡಿಸೋದು ಈ ನಾಲ್ಕರಲ್ಲಿ ಬರುತ್ತೆ. ಬಾಯಿಮಾತಿನ ಭಾಗಕ್ಕೆ ಇಂಗ್ಲೆಂಡಿಗೋ ವೇಲ್ಸ್‌ಗೋ ಹೋಗಲೇಬೇಕು. ಮೊದಲ ಹಂತ ಪಾಸಾಗೋರು ಸುಮಾರಾಗಿ ಬರೆದವರಲ್ಲಿ ಅರ್ಧದಷ್ಟು ಜನ. ಆರು ವರ್ಷದೊಳಗೆ ಮೂರು ಅವಕಾಶ.

ಇವೆರಡರ ಜೊತೆಗೆ ಎರಡು ವರ್ಷದ ಅರ್ಹ ಕೆಲಸದ ಅನುಭವ ಬೇಕು. ಇಂಗ್ಲೆಂಡಿನ ಹೊಸ ಪದವೀಧರರು ಒದ್ದಾಡೋದೇ ಇಲ್ಲಿ. ಆ ಅನುಭವವನ್ನು ಅಲ್ಲಿನ ಒಬ್ಬ ಸಾಲಿಸಿಟರ್ ದೃಢೀಕರಿಸಬೇಕು. ವೀಸಾ ಕೈಯಲ್ಲಿ ಹಿಡಿದು ಬಂದ ಹೊರಗಿನವರಿಗೆ ಅಂಥ ಜಾಗ ಸಿಗೋದು ಇನ್ನೂ ಕಷ್ಟ.

ನಿಯಮ ಓದ್ತಾ ಓದ್ತಾ ತಂಗಿ ಇದ್ದಕ್ಕಿದ್ದಂತೆ, "ಅಣ್ಣಾ, ಈ ಸಾಲು ನೋಡು" ಅಂದಳು. ಬೇರೆ ದೇಶದಲ್ಲಿ ಈಗಾಗಲೇ ಪೂರ್ಣ ಹಕ್ಕಿನ ವಕೀಲರಾಗಿರೋರಿಗೆ ಈ ಎರಡು ವರ್ಷದ ಅನುಭವದ ಷರತ್ತು ಇಲ್ಲ. ಅಂದರೆ ಕರ್ನಾಟಕದಲ್ಲಿ ನೋಂದಣಿ ಮಾಡಿಸಿ, ವಕೀಲರ ಪರೀಕ್ಷೆ ಪಾಸು ಮಾಡಿದವರು ಎರಡು ಹಂತದ ಪರೀಕ್ಷೆ ಮತ್ತು ನಡತೆಯ ತಪಾಸಣೆ ಮುಗಿಸಿದರೆ ಸಾಕು.

ಅವಳು ನೋಂದಣಿಯನ್ನೇ ಮಾಡಿಸಿರಲಿಲ್ಲ! "ಹೆಂಗೂ ಹೊರಗೆ ಹೋಗ್ತೀನಲ್ಲ, ಇಲ್ಲಿ ಸನ್ನದು ಯಾಕೆ ಅಂದ್ಕೊಂಡೆ" ಅಂದಳು. ಏಜೆಂಟರೂ ಅದನ್ನು ಕೇಳಿರಲಿಲ್ಲ. 2024ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪಿನ ಪ್ರಕಾರ ಸಾಮಾನ್ಯ ವರ್ಗದವರಿಂದ ನೋಂದಣಿಗೆ 750 ರೂಪಾಯಿಗಿಂತ, ಪರಿಶಿಷ್ಟ ಜಾತಿ, ಪಂಗಡದವರಿಂದ 125 ರೂಪಾಯಿಗಿಂತ ಹೆಚ್ಚು ಶುಲ್ಕ ವಸೂಲಿ ಮಾಡುವಂತಿಲ್ಲ. ಆ 750 ರೂಪಾಯಿಯ ಕೆಲಸ ಬಿಟ್ಟು ಹೊರಟಿದ್ದರೆ ಅಲ್ಲಿ ಎರಡು ವರ್ಷ ಹೆಚ್ಚಿಗೆ ಅಲೆಯಬೇಕಾಗ್ತಿತ್ತು.

ಒಂದು ಎಚ್ಚರಿಕೆ. ಇಲ್ಲಿ ಕೆಲಸ ಮಾಡಿದ ಅನುಭವ ತೋರಿಸಿ ಎರಡನೇ ಹಂತದಿಂದ ವಿನಾಯಿತಿ ಕೇಳಬಹುದು. ಆದರೆ ಅದನ್ನು ಅಲ್ಲಿನವರು ಅರ್ಜಿ ನೋಡಿ ತೀರ್ಮಾನಿಸ್ತಾರೆ. ಸಿಕ್ಕೇ ಸಿಗುತ್ತೆ ಅಂತ ಲೆಕ್ಕ ಹಾಕಿಕೊಂಡು ಹಣ ಹೊಂದಿಸಬೇಡಿ. ಇನ್ನು ಕೆಲವು ಎಲ್‌ಎಲ್‌ಎಂ ಕೋರ್ಸ್‌ಗಳ ಹೆಸರಿನಲ್ಲೇ "ಎಸ್‌ಕ್ಯುಇ ತಯಾರಿ" ಅಂತ ಇರುತ್ತೆ. ಅದು ತಯಾರಿ ಮಾತ್ರ. ಪರೀಕ್ಷೆಯಿಂದ ವಿನಾಯಿತಿ ಅಲ್ಲ.

ಗೊತ್ತಿರೋ ಕಾನೂನೇ ಕೈಕೊಡೋದು

ನಮ್ಮ ಕಾನೂನಿನ ಬೇರು ಇಂಗ್ಲಿಷ್ ಕಾನೂನು, ಹಾಗಾಗಿ ಸುಲಭ ಅಂತ ಅನ್ನಿಸುತ್ತೆ. ತಂಗಿಗೂ ಹಾಗೇ ಅನ್ನಿಸಿತ್ತು. ಮಾದರಿ ಪ್ರಶ್ನೆಗಳನ್ನು ಬರೆದಾಗ ಟ್ರಸ್ಟ್, ಭೂ ಕಾನೂನು, ಸಾಲಿಸಿಟರ್ ಲೆಕ್ಕಪತ್ರದಲ್ಲಿ ತಪ್ಪು ಬಂದವು. ಅವು ಓದದೇ ಇದ್ದ ವಿಷಯ, ಆಶ್ಚರ್ಯ ಇಲ್ಲ. ಆದರೆ ಅವಳು ಚೆನ್ನಾಗಿ ಓದಿದ್ದ ಕರಾರು ಕಾನೂನಿನಲ್ಲೂ ತಪ್ಪು ಬಂದವು. ಯಾಕೆ ಅಂತ ಒಂದೊಂದೇ ಬಿಡಿಸಿ ನೋಡಿದೆವು.

ಒಂದು ಉದಾಹರಣೆ. ರಾಮಣ್ಣ ತನ್ನ ಜಮೀನನ್ನು ಮಗಳಿಗೆ ಕೊಡ್ತಾನೆ. ಅದಕ್ಕೆ ಬದಲಾಗಿ ಮಗಳು, "ಚಿಕ್ಕಪ್ಪನಿಗೆ ವರ್ಷಕ್ಕಿಷ್ಟು ಹಣ ಕೊಡ್ತೀನಿ" ಅಂತ ಚಿಕ್ಕಪ್ಪನಿಗೇ ಬರೆದುಕೊಡ್ತಾಳೆ. ಆಮೇಲೆ ಕೊಡೋದಿಲ್ಲ. ಚಿಕ್ಕಪ್ಪ ದಾವೆ ಹೂಡಬಹುದಾ? ನಮ್ಮ 1872ರ ಕರಾರು ಕಾಯ್ದೆಯ ಪ್ರಕಾರ ಪ್ರತಿಫಲವನ್ನು ಮಾತು ಪಡೆದವನೇ ಕೊಡಬೇಕು ಅಂತಿಲ್ಲ, ಬೇರೆಯವರು ಕೊಟ್ಟರೂ ನಡೆಯುತ್ತೆ. ಹಾಗಾಗಿ ಚಿಕ್ಕಪ್ಪ ಗೆಲ್ಲಬಹುದು. ಇಂಗ್ಲೆಂಡಿನ ಕಾನೂನಿನಲ್ಲಿ ಪ್ರತಿಫಲ ಮಾತು ಪಡೆದವನಿಂದಲೇ ಬರಬೇಕು. ಅಲ್ಲಿ ಚಿಕ್ಕಪ್ಪನ ದಾರಿ ಕಷ್ಟ.

ಇನ್ನೊಂದು. ಹದಿನೆಂಟು ತುಂಬದವರ ಜೊತೆ ಮಾಡಿಕೊಂಡ ಕರಾರು ನಮ್ಮಲ್ಲಿ ಮೊದಲಿನಿಂದಲೇ ಅಸಿಂಧು. 1903ರ ಮೋಹರಿ ಬೀಬಿ ಪ್ರಕರಣ ಕಾನೂನು ವಿದ್ಯಾರ್ಥಿಗಳಿಗೆ ಬಾಯಿಪಾಠ. ಇಂಗ್ಲೆಂಡಿನಲ್ಲಿ ಹಾಗಲ್ಲ. ಅಪ್ರಾಪ್ತರು ಸಾಮಾನ್ಯವಾಗಿ ಅಂಥ ಕರಾರನ್ನು ರದ್ದು ಮಾಡಬಹುದು, ಅಗತ್ಯ ವಸ್ತುಗಳ ಕರಾರಿನಂಥ ಕೆಲವಕ್ಕೆ ಮಾತ್ರ ಬದ್ಧರಾಗ್ತಾರೆ.

ಐದು ಉತ್ತರಗಳಲ್ಲಿ ಭಾರತದ ಉತ್ತರಕ್ಕೆ ಹೊಂದುವಂಥದ್ದು ಒಂದು ಇದ್ದೇ ಇರುತ್ತೆ ಅನ್ನೋ ಹಾಗಿತ್ತು ಅವಳ ತಪ್ಪುಗಳ ಪಟ್ಟಿ. ಅವಳು ಮಾಡಿದ್ದು ಇಷ್ಟೆ: ತಪ್ಪು ಉತ್ತರಗಳನ್ನು ಎರಡು ಪಟ್ಟಿ ಮಾಡಿದಳು. "ಗೊತ್ತಿರಲಿಲ್ಲ" ಒಂದು, "ಇಲ್ಲಿನ ಕಾನೂನು ಬರೆದುಬಿಟ್ಟೆ" ಇನ್ನೊಂದು. ಎರಡನೇ ಪಟ್ಟಿ ಚಿಕ್ಕದಾಗ್ತಾ ಬಂದರೆ ತಯಾರಿ ಸರಿದಾರಿಯಲ್ಲಿದೆ ಅಂತ ಅರ್ಥ.

ಹಣದ ಲೆಕ್ಕ, ವೀಸಾದ ಲೆಕ್ಕ

ಇನ್ನು ಆ ಒಂದು ಎಕರೆಯ ವಿಷಯ. ಬ್ರೋಷರ್‌ನಲ್ಲಿದ್ದ ಶುಲ್ಕ 20,000 ಪೌಂಡ್. ಪೌಂಡಿಗೆ 120 ರೂಪಾಯಿ ಹಿಡಿದರೆ 24 ಲಕ್ಷ. ಒಂದು ವರ್ಷದ ಬಾಡಿಗೆ, ಊಟ, ಓಡಾಟಕ್ಕೆ 11,000 ಪೌಂಡ್ ಅಂದರೆ 13 ಲಕ್ಷ. ವೀಸಾ, ಆರೋಗ್ಯ ಶುಲ್ಕ, ವಿಮಾನ ಅಂತ 2 ಲಕ್ಷ. ಒಟ್ಟು 39 ಲಕ್ಷ. ಇಷ್ಟನ್ನೂ ಶೇಕಡ 11ರ ಬಡ್ಡಿಗೆ ಹತ್ತು ವರ್ಷದ ಸಾಲ ಮಾಡಿದರೆ ತಿಂಗಳ ಕಂತು 53,000 ರೂಪಾಯಿ ದಾಟುತ್ತೆ. ಓದುವಾಗ ಸೇರಿಕೊಳ್ಳುವ ಬಡ್ಡಿ ಇದರಲ್ಲಿ ಇಲ್ಲ. ಇಷ್ಟು ಖರ್ಚಾದ ಮೇಲೂ ಎಸ್‌ಕ್ಯುಇ ಬಾಕಿ ಇರುತ್ತೆ. ಅದರ ಎರಡೂ ಹಂತದ ಶುಲ್ಕ ಸೇರಿ 4,900 ಪೌಂಡ್ ಆಸುಪಾಸು, ಅಂದರೆ ಸುಮಾರು 6 ಲಕ್ಷ.

ಓದಿದ ಮೇಲೆ ಅಲ್ಲೇ ಉಳಿಯೋಕೆ ಇರುವ ಗ್ರಾಜುಯೇಟ್ ವೀಸಾ ಇಲ್ಲಿಯವರೆಗೆ ಎರಡು ವರ್ಷದ್ದಾಗಿತ್ತು. 2027ರ ಜನವರಿ 1ರಿಂದ ಅರ್ಜಿ ಹಾಕೋರಿಗೆ 18 ತಿಂಗಳು. ಸೆಪ್ಟೆಂಬರ್ 2026ಕ್ಕೆ ಸೇರಿದರೆ ಕೋರ್ಸ್ ಮುಗಿಯೋದೇ 2027ರಲ್ಲಿ, ಹಾಗಾಗಿ ತಂಗಿಗೆ ಸಿಗೋದು 18 ತಿಂಗಳು. ಆ ಅವಧಿಯಲ್ಲಿ ಎರಡೂ ಹಂತ ಮುಗಿಸಬೇಕು, ಜೊತೆಗೆ ವೀಸಾ ಪ್ರಾಯೋಜಿಸುವ ಕಚೇರಿಯೊಂದನ್ನು ಹುಡುಕಬೇಕು. 2025ರ ಜುಲೈನಿಂದ ನುರಿತ ಕೆಲಸಗಾರರ ವೀಸಾಗೆ ಸಾಮಾನ್ಯ ಸಂಬಳದ ಮಿತಿ ವರ್ಷಕ್ಕೆ 41,700 ಪೌಂಡ್. ಸಣ್ಣ ಊರಿನ ಸಣ್ಣ ಲಾ ಆಫೀಸು ಹೊಸಬರಿಗೆ ಇಷ್ಟು ಕೊಡೋದು ಕಷ್ಟ. ಪರವಾನಗಿ ಇಲ್ಲದೆ ಕಚೇರಿಯ ಸಹಾಯಕಿಯಾಗಿ ಕೆಲಸ ಸಿಗಬಹುದು, ಆದರೆ ಅದರ ಮೇಲೆ ಆ ವೀಸಾ ಸಿಗೋದು ಕಷ್ಟ.

ಇನ್ನೊಂದು ದಾರಿಯ ಲೆಕ್ಕವನ್ನೂ ಪಕ್ಕದಲ್ಲೇ ಬರೆದೆವು. ಇಲ್ಲೇ ಸನ್ನದು ಪಡೆದು, ಇಲ್ಲೇ ಕೆಲಸ ಮಾಡ್ತಾ ಮೊದಲ ಹಂತ ಬರೆಯೋದು. ಪಾಸಾದರೆ ಮಾತ್ರ ಎರಡನೆಯದಕ್ಕೆ ಹೋಗೋದು. ಶುಲ್ಕ 6 ಲಕ್ಷ, ಆನ್‌ಲೈನ್ ತರಬೇತಿಗೆ ನಾವು ಹಿಡಿದದ್ದು 3 ಲಕ್ಷ, ಬಾಯಿಮಾತಿನ ಪರೀಕ್ಷೆಗೆ ಹೋಗಿ ಬರೋಕೆ 2 ಲಕ್ಷ. ಒಟ್ಟು 11 ಲಕ್ಷ, ಅದೂ ಒಂದೇ ಸಲ ಅಲ್ಲ. ಮೊದಲ ಹಂತದಲ್ಲೇ ನಿಂತುಹೋದರೆ ನಷ್ಟ ಇನ್ನೂ ಕಡಿಮೆ.

ಈ ದಾರಿಗೂ ಮಿತಿ ಇದೆ, ಅದನ್ನು ಚಿಕ್ಕಪ್ಪನಿಗೂ ಬಿಡಿಸಿ ಹೇಳಿದೆ. ಸಾಲಿಸಿಟರ್ ಅನ್ನೋ ಪರವಾನಗಿ ಬಂದ ಮಾತ್ರಕ್ಕೆ ವೀಸಾ ಬರೋದಿಲ್ಲ. ಕೆಲಸ ಕೊಡೋರು ಬೇಕೇ ಬೇಕು, ಅವರ ಪರಿಚಯ ಇಲ್ಲೇ ಕೂತರೆ ಆಗೋದು ಕಷ್ಟ. ಎಲ್‌ಎಲ್‌ಎಂಗೆ ಹೋದವರಿಗೆ ಆ ಒಂದೂವರೆ ವರ್ಷ ಅಲ್ಲಿರುವ ಅವಕಾಶವಾದರೂ ಸಿಗುತ್ತೆ. 39 ಲಕ್ಷಕ್ಕೆ ನಿಜವಾಗಿ ಕೊಳ್ಳೋದು ಓದು ಮತ್ತು ಆ ಅವಕಾಶ, ಸನ್ನದನ್ನಲ್ಲ.

ನ್ಯೂಯಾರ್ಕ್ ಕೇಳೋದು ಬೇರೆ ಪ್ರಶ್ನೆ

ತಂಗಿಯ ಸಹಪಾಠಿಯೊಬ್ಬಳಿಗೆ ಅಮೆರಿಕದ ಆಸೆ. ಅವಳಿಗಾಗಿ ನ್ಯೂಯಾರ್ಕ್ ನಿಯಮವನ್ನೂ ಓದಿದೆವು. ಅಮೆರಿಕದಲ್ಲಿ ಒಂದೊಂದು ರಾಜ್ಯಕ್ಕೆ ಒಂದೊಂದು ನಿಯಮ. ಹೊರಗೆ ಓದಿದವರಿಗೆ ಬಾಗಿಲು ತೆರೆದಿಟ್ಟಿರುವ ರಾಜ್ಯಗಳಲ್ಲಿ ನ್ಯೂಯಾರ್ಕ್ ಮುಖ್ಯವಾದದ್ದು.

ಅಲ್ಲಿನ ಬೋರ್ಡ್ ಆಫ್ ಲಾ ಎಕ್ಸಾಮಿನರ್ಸ್ ಎರಡು ವಿಷಯ ನೋಡುತ್ತೆ. ಒಂದು, ಅವಧಿ: ನಿಮ್ಮ ಕಾನೂನು ಓದು ಅಲ್ಲಿನ ಮೂರು ವರ್ಷದ ಪೂರ್ಣಾವಧಿ ಓದಿಗೆ ಸಮನಾ? ಎರಡು, ಸಾರ: ನಿಮ್ಮ ದೇಶದ ಕಾನೂನು ಇಂಗ್ಲಿಷ್ ಕಾಮನ್ ಲಾ ಮೇಲೆ ನಿಂತಿದೆಯಾ? ಎರಡಕ್ಕೂ "ಹೌದು" ಅಂತ ಬೋರ್ಡ್ ಹೇಳಿದರೆ ಎಲ್‌ಎಲ್‌ಎಂ ಇಲ್ಲದೆಯೇ ಪರೀಕ್ಷೆಗೆ ಕೂರಬಹುದು. ತರಗತಿಗೆ ಹೋಗಿ, ಪೂರ್ಣಾವಧಿ ಎಲ್‌ಎಲ್‌ಬಿ ಓದಿದ ಭಾರತೀಯರಿಗೆ ಈ ದಾರಿ ತೆರೆದೇ ಇದೆ. ಒಂದರಲ್ಲಿ ಮಾತ್ರ ಕೊರತೆ ಇದ್ದರೆ, ಅದನ್ನು ತುಂಬಿಸೋಕೆ ಅಮೆರಿಕದ ಮಾನ್ಯತೆ ಪಡೆದ ಕಾಲೇಜಿನಲ್ಲಿ ಕನಿಷ್ಠ 24 ಕ್ರೆಡಿಟ್‌ಗಳ ಎಲ್‌ಎಲ್‌ಎಂ ಮಾಡಬೇಕು. ಎರಡರಲ್ಲೂ ಕೊರತೆ ಇದ್ದರೆ ಎಲ್‌ಎಲ್‌ಎಂ ಕೂಡ ಉಳಿಸೋದಿಲ್ಲ.

ತೊಡಕು ಬರೋದು ಸಂಜೆ ಕಾಲೇಜಿನಲ್ಲಿ, ಅರೆಕಾಲಿಕವಾಗಿ ಓದಿದವರಿಗೆ. ಅವರ ಓದನ್ನು ಅವಧಿಯ ಲೆಕ್ಕದಲ್ಲಿ ಬೋರ್ಡ್ ಒಪ್ಪದೇ ಹೋಗಬಹುದು. ಅಂಥವರು 24 ಕ್ರೆಡಿಟ್ ತುಂಬಿಸಿದರೆ ಸಾಲದು, ಅದರೊಳಗೆ ಏನಿದೆ ಅನ್ನೋದೂ ಮುಖ್ಯ. ವೃತ್ತಿ ನೀತಿ, ಕಾನೂನು ಬರವಣಿಗೆ ಮತ್ತು ಸಂಶೋಧನೆ, ಅಮೆರಿಕದ ಕಾನೂನಿನ ಪರಿಚಯ ಇವು ತಲಾ 2 ಕ್ರೆಡಿಟ್, ಪರೀಕ್ಷೆಗೆ ಬರುವ ವಿಷಯಗಳಲ್ಲಿ 6 ಕ್ರೆಡಿಟ್ ಇರಲೇಬೇಕು. ಮನುಷ್ಯ ಹಕ್ಕು, ತಂತ್ರಜ್ಞಾನ ಕಾನೂನು ಅಂತ ಇಷ್ಟಪಟ್ಟದ್ದನ್ನೇ ಆರಿಸಿಕೊಂಡು, ಒಳ್ಳೆ ಅಂಕ ಪಡೆದು, ಕೊನೆಗೆ ಪರೀಕ್ಷೆಗೆ ಕೂರೋಕೆ ಆಗದೇ ಹೋಗೋದು ಹೀಗೆ. ಕಾಲೇಜಿನ ಸಲಹೆಗಾರರ ಬಳಿ ಮೊದಲ ವಾರವೇ, "ಇದು ನ್ಯೂಯಾರ್ಕ್ ನಿಯಮಕ್ಕೆ ಸರಿಹೊಂದುತ್ತಾ?" ಅಂತ ಕೇಳಿ, ಉತ್ತರವನ್ನು ಬರಹದಲ್ಲಿ ತಗೊಳ್ಳಿ.

ಅದಕ್ಕೂ ಮೊದಲು ಮಾಡಬೇಕಾದ್ದು ಒಂದಿದೆ. ನಿಮ್ಮ ಪದವಿ ಸಾಕೇ ಅಂತ ಬೋರ್ಡ್‌ನಿಂದಲೇ ಮುಂಚಿತವಾಗಿ ತೀರ್ಮಾನ ಪಡೆಯಬಹುದು. ಅಂಕಪಟ್ಟಿ ಪದವಿ ಕೊಟ್ಟ ಸಂಸ್ಥೆಯಿಂದಲೇ ನೇರವಾಗಿ ಹೋಗಬೇಕು, ನಾವು ಸ್ಕ್ಯಾನ್ ಮಾಡಿ ಕಳಿಸಿದರೆ ನಡೆಯಲ್ಲ. ಮೈಸೂರಿನಲ್ಲಿ ಓದಿದ್ದರೂ ಪದವಿ ಹುಬ್ಬಳ್ಳಿಯದು. 2009ರಲ್ಲಿ ಆ ವಿಶ್ವವಿದ್ಯಾಲಯ ಬರೋಕೆ ಮುಂಚೆ ಓದಿದವರಾದರೆ ಮೈಸೂರು ವಿಶ್ವವಿದ್ಯಾಲಯದ ಬಾಗಿಲು ತಟ್ಟಬೇಕು. ಪತ್ರ ಓಡಾಡೋಕೆ ತಿಂಗಳುಗಳೇ ಹಿಡಿಯಬಹುದು, ಒಂದು ವರ್ಷ ಮುಂಚೆಯೇ ಶುರು ಮಾಡಿದರೆ ನೆಮ್ಮದಿ.

ಇನ್ನೊಂದು ಮಾತು, ನನ್ನ ಕ್ಷೇತ್ರದಿಂದ. ನನ್ನ ಜೊತೆ ಓದಿದ ಗೆಳೆಯರು ಅಮೆರಿಕದಲ್ಲಿ ಕಂಪ್ಯೂಟರ್ ಎಂ.ಎಸ್. ಮಾಡಿ ಓಪಿಟಿ ಮೇಲೆ ಮೂರು ವರ್ಷ ಕೆಲಸ ಮಾಡಿದರು. ಅದನ್ನು ನೋಡಿ ಎಲ್‌ಎಲ್‌ಎಂಗೂ ಹಾಗೇ ಅಂತ ನಾನೂ ಅಂದುಕೊಂಡಿದ್ದೆ. ಅಲ್ಲ. ಆ 24 ತಿಂಗಳ ವಿಸ್ತರಣೆ ವಿಜ್ಞಾನ, ತಂತ್ರಜ್ಞಾನದ ಪದವಿಗಳಿಗೆ ಮಾತ್ರ. ಎಲ್‌ಎಲ್‌ಎಂ ಮಾಡಿದವರಿಗೆ 12 ತಿಂಗಳು. ಪರೀಕ್ಷೆ ಇರೋದು ಫೆಬ್ರವರಿ ಮತ್ತು ಜುಲೈ ಕೊನೆಗೆ, ಎರಡು ದಿನ. ಮೇನಲ್ಲಿ ಕೋರ್ಸ್ ಮುಗಿಸಿ ಜುಲೈನಲ್ಲಿ ಬರೆದು ಫಲಿತಾಂಶ ಕಾಯುವಷ್ಟರಲ್ಲಿ ಆ ಹನ್ನೆರಡರಲ್ಲಿ ಕೆಲವು ತಿಂಗಳು ಕರಗಿಹೋಗಿರ್ತವೆ.

ಕೆನಡಾ: ಮನೆಯಲ್ಲೇ ಬರೆಯಬಹುದಾದ ಪರೀಕ್ಷೆ

ಕೆನಡಾದಲ್ಲಿ ಮೊದಲು ಪದವಿಯ ಮೌಲ್ಯಮಾಪನ. ಅದನ್ನು ಎನ್‌ಸಿಎ ಎಂಬ ರಾಷ್ಟ್ರೀಯ ಸಮಿತಿ ಮಾಡುತ್ತೆ. ನಿಮ್ಮ ಅಂಕಪಟ್ಟಿ ನೋಡಿ, "ಇಷ್ಟು ವಿಷಯ ಬಾಕಿ" ಅಂತ ಪಟ್ಟಿ ಕೊಡುತ್ತೆ. ಕೆನಡಾದ ಸಂವಿಧಾನ, ಆಡಳಿತ ಕಾನೂನು, ಅಪರಾಧ ಕಾನೂನು, ವೃತ್ತಿ ನೀತಿ, ಕಾನೂನಿನ ತಳಹದಿ ಈ ಐದು ಎಲ್ಲರಿಗೂ ಇರುತ್ತೆ. ಮೇಲೆ ಇನ್ನಷ್ಟು ಸೇರಬಹುದು. ಬಾಕಿ ವಿಷಯಗಳನ್ನು ಆನ್‌ಲೈನ್ ಪರೀಕ್ಷೆ ಬರೆದು ತೀರಿಸಬಹುದು, ಇಲ್ಲವೇ ಅಲ್ಲಿನ ಕಾಲೇಜಿನಲ್ಲಿ ಆ ವಿಷಯಗಳನ್ನೇ ಒಳಗೊಂಡ ಎಲ್‌ಎಲ್‌ಎಂ ಮಾಡಿ ತೀರಿಸಬಹುದು. ಎಲ್ಲ ಎಲ್‌ಎಲ್‌ಎಂ ಇದಕ್ಕೆ ಆಗೋದಿಲ್ಲ. ಸಂಶೋಧನೆಯ ಎಲ್‌ಎಲ್‌ಎಂ ಸೇರಿದರೆ ಪಟ್ಟಿ ಹಾಗೇ ಉಳಿದಿರುತ್ತೆ. ಪಟ್ಟಿ ಬಂದ ಮೇಲೆ ಕೋರ್ಸ್ ಆರಿಸಬೇಕು, ಕೋರ್ಸ್ ಸೇರಿದ ಮೇಲೆ ಪಟ್ಟಿ ತರಿಸೋದಲ್ಲ.

ಎನ್‌ಸಿಎ ಪ್ರಮಾಣಪತ್ರವೂ ಪರವಾನಗಿ ಅಲ್ಲ. ಅದು ಅಲ್ಲಿನ ಕಾನೂನು ಪದವೀಧರರ ಸಾಲಿಗೆ ನಿಮ್ಮನ್ನು ತಂದು ನಿಲ್ಲಿಸುತ್ತೆ ಅಷ್ಟೆ. ಆಮೇಲೆ ಆಯಾ ಪ್ರಾಂತ್ಯದ ಲಾ ಸೊಸೈಟಿಯ ಪರೀಕ್ಷೆ, ಹಿರಿಯರ ಕೈಕೆಳಗೆ ಆರ್ಟಿಕ್ಲಿಂಗ್ ತರಬೇತಿ ಇವೆ.

ಹಾಗಾದರೆ ಎಲ್‌ಎಲ್‌ಎಂ ಯಾವಾಗ?

ನಮ್ಮ ಓದಿನ ಕೊನೆಗೆ ಹೊಳೆದದ್ದು ಇದು. ನ್ಯೂಯಾರ್ಕ್‌ನಲ್ಲಿ ಎಲ್‌ಎಲ್‌ಎಂ ಕೆಲವರಿಗೆ ಮಾತ್ರ ಬೇಕಾದ ಮೆಟ್ಟಿಲು. ಕೆನಡಾದಲ್ಲಿ ಪರೀಕ್ಷೆಗೆ ಬದಲಿ ದಾರಿ. ಇಂಗ್ಲೆಂಡಿನಲ್ಲಿ ಪರವಾನಗಿಗೆ ಸಂಬಂಧವೇ ಇಲ್ಲದ, ಆದರೆ ಓದು ಮತ್ತು ವೀಸಾ ಕೊಡುವ ಒಂದು ವರ್ಷ. ಒಂದೇ ಮೂರಕ್ಷರ, ಮೂರು ಊರಲ್ಲಿ ಮೂರು ಅರ್ಥ.

ವಿದ್ಯಾರ್ಥಿವೇತನದಲ್ಲೂ ಒಂದು ಗಂಟು ಇದೆ. ಬ್ರಿಟನ್ನಿನ ಚೀವ್ನಿಂಗ್ ವಿದ್ಯಾರ್ಥಿವೇತನ ಒಂದು ವರ್ಷದ ಸ್ನಾತಕೋತ್ತರ ಓದಿನ ಪೂರ್ತಿ ಖರ್ಚು ಕೊಡುತ್ತೆ. ಅದಕ್ಕೆ ಕನಿಷ್ಠ 2,800 ಗಂಟೆ, ಅಂದರೆ ಸುಮಾರು ಎರಡು ವರ್ಷದ ಕೆಲಸದ ಅನುಭವ ಬೇಕು. ಮುಗಿದ ಮೇಲೆ ಕನಿಷ್ಠ ಎರಡು ವರ್ಷ ತಾಯ್ನಾಡಿಗೆ ಮರಳಿರಬೇಕು. ಅಲ್ಲೇ ವಕೀಲಿಕೆ ಮಾಡಬೇಕು ಅನ್ನೋರಿಗೆ ಇದು ಹೊಂದೋದಿಲ್ಲ. ಆದರೆ ಒಳ್ಳೆಯ ವಿಷಯ ಓದಿ, ಬೆಂಗಳೂರಿಗೋ ಮೈಸೂರಿಗೋ ವಾಪಸ್ ಬಂದು ಕೆಲಸ ಮಾಡೋ ಆಸೆ ಇದ್ದರೆ ಗದ್ದೆ ಮಾರದೆ ಎಲ್‌ಎಲ್‌ಎಂ ಮಾಡೋಕೆ ಇದಕ್ಕಿಂತ ಒಳ್ಳೆ ದಾರಿ ಅಪರೂಪ.

ತಂಗಿ ಏನು ಮಾಡಿದಳು ಅಂತ ಕೇಳ್ತೀರಿ ಅಲ್ವಾ? ಆ ವರ್ಷದ ಪ್ರವೇಶವನ್ನು ಬಿಟ್ಟಳು. ಬೆಂಗಳೂರಿಗೆ ಹೋಗಿ ನೋಂದಣಿ ಮಾಡಿಸಿದಳು. ತಾತ್ಕಾಲಿಕ ನೋಂದಣಿ ಆದ ಎರಡು ವರ್ಷದೊಳಗೆ ವಕೀಲರ ಪರೀಕ್ಷೆ ಪಾಸು ಮಾಡಬೇಕು, ಅದಕ್ಕೆ ಓದ್ತಿದಾಳೆ. ಟಿ. ನರಸೀಪುರದ ಹಿರಿಯ ವಕೀಲರೊಬ್ಬರ ಬಳಿ ಜೂನಿಯರ್ ಆಗಿ ಸೇರಿಕೊಂಡಳು. ಬೆಳಗ್ಗೆ ನಂಜನಗೂಡಿನಿಂದ ಬಸ್ಸು, ಇಡೀ ದಿನ ಪಾಲು ವಿಭಾಗದ ದಾವೆ, ಪಹಣಿ ತಕರಾರು, ಚೆಕ್ ಬೌನ್ಸ್. ರಾತ್ರಿ ಎರಡು ಗಂಟೆ ಇಂಗ್ಲೆಂಡಿನ ಕಾನೂನು. ಕಕ್ಷಿದಾರರ ಮಾತು ಕೇಳಿ ಬೇಕಾದ್ದನ್ನು ಹೆಕ್ಕಿ ಬರೆದುಕೊಳ್ಳೋದನ್ನು ಎರಡನೇ ಹಂತದಲ್ಲೂ ಪರೀಕ್ಷಿಸ್ತಾರೆ, ಅದರ ಅಭ್ಯಾಸ ಇಲ್ಲೇ ಆಗ್ತಿದೆ ಅಂತಾಳೆ. ಮೊದಲ ಹಂತ ಪಾಸಾಗದಿದ್ದರೆ? "ಆಗ ಇಲ್ಲಿನ ಪ್ರಾಕ್ಟೀಸ್ ಇದ್ದೇ ಇದೆ. ಎರಡು ವರ್ಷ ತುಂಬಿದ ಮೇಲೆ ಚೀವ್ನಿಂಗ್‌ಗೂ ಅರ್ಜಿ ಹಾಕ್ತೀನಿ" ಅಂದಳು.

ಸಂಕ್ರಾಂತಿಗೆ ಹೋದಾಗ ಚಿಕ್ಕಪ್ಪ ಗದ್ದೆ ತೋರಿಸೋಕೆ ಕರೆದುಕೊಂಡು ಹೋದರು. ಕಟಾವು ಆಗಿತ್ತು. "ಏಜೆಂಟ್ರು ಇನ್ನೂ ಫೋನ್ ಮಾಡ್ತಾವ್ರೆ ಕಣಪ್ಪ, ಬೇರೆ ಯೂನಿವರ್ಸಿಟಿ ಐತಂತೆ" ಅಂದರು.

"ಏನಂದ್ರಿ?"

"ಅದ್ರ ಹೆಸ್ರು ಆಮೇಲೆ ಹೇಳಿ, ಸನ್ನದು ಯಾರ್ ಕೊಡ್ತಾರೆ ಅದನ್ನ ಮೊದ್ಲು ಹೇಳಿ ಅಂದೆ. ಫೋನ್ ಇಟ್ಬುಟ್ರು."